ರೆಪೊ ಇಳಿದರೂ ಹತ್ತು ವರ್ಷದ ಬಾಂಡ್ ಯೀಲ್ಡ್ ಏಕೆ ಇಳಿಯಲಿಲ್ಲ? ಯೀಲ್ಡ್ ರೇಖೆಯನ್ನು ಓದುವ ಬಗೆ

2025ರ ಡಿಸೆಂಬರ್ 5ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 5.50ರಿಂದ ಶೇ 5.25ಕ್ಕೆ ಇಳಿಸಿತು. ಆ ವರ್ಷದ ಫೆಬ್ರುವರಿಯಲ್ಲಿ ಶುರುವಾದ ಇಳಿಕೆಯನ್ನೆಲ್ಲ ಕೂಡಿಸಿದರೆ ಒಟ್ಟು 125 ಮೂಲಾಂಶ, ಅಂದರೆ ಶೇ 1.25ರಷ್ಟು. ಮನೆ ಸಾಲದ ಬಡ್ಡಿ ತಗ್ಗಿತು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿರಲಿ, ಕೋಲಾರದಲ್ಲಿರಲಿ, ಬ್ಯಾಂಕ್ ಶಾಖೆಗಳ ಠೇವಣಿ ದರದ ಪಟ್ಟಿಯಲ್ಲೂ ಅಂಕಿಗಳು ಒಂದೊಂದಾಗಿ ಕೆಳಗಿಳಿದವು. ಆದರೆ ಅದೇ ತಿಂಗಳು ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಬಂದ ಇನ್ನೊಂದು ಸುದ್ದಿ ಇದಕ್ಕೆ ತದ್ವಿರುದ್ಧವಾಗಿತ್ತು: ಕೇಂದ್ರ ಸರ್ಕಾರದ ಹತ್ತು ವರ್ಷದ ಬಾಂಡ್‌ನ ಯೀಲ್ಡ್ ಶೇ 6.6ರ ಆಸುಪಾಸಿಗೆ ಏರಿದೆ ಎಂಬುದು.

ವರ್ಷದ ಆರಂಭದಲ್ಲಿ ಆ ಯೀಲ್ಡ್ ಸುಮಾರು ಶೇ 6.8 ಇತ್ತು. ರೆಪೊ ಶೇ 1.25ರಷ್ಟು ಇಳಿದರೂ ಹತ್ತು ವರ್ಷದ ಸಾಲಕ್ಕೆ ಸರ್ಕಾರ ಕೊಡಬೇಕಾದ ಬಡ್ಡಿ ಇಳಿದದ್ದು ಶೇ 0.2ರಷ್ಟು ಮಾತ್ರ. ಬಡ್ಡಿ ಇಳಿಸಿದ್ದು ರಿಸರ್ವ್ ಬ್ಯಾಂಕೇ ಆಗಿದ್ದರೆ ಉಳಿದ ಇಳಿಕೆ ಎಲ್ಲಿ ಹೋಯಿತು? ಇದಕ್ಕೆ ಉತ್ತರ ಯೀಲ್ಡ್ ರೇಖೆ ಎಂಬ ಒಂದು ಸರಳ ಚಿತ್ರದಲ್ಲಿದೆ. ಅದನ್ನು ಓದುವಾಗ ಹೆಚ್ಚಿನವರು ಗೆರೆ ಮೇಲಕ್ಕೆ ಹೋಗುತ್ತಿದೆಯೋ ಕೆಳಕ್ಕೆ ಹೋಗುತ್ತಿದೆಯೋ ಎಂದಷ್ಟೇ ನೋಡಿ ನಿಲ್ಲಿಸುತ್ತಾರೆ. ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಗೆರೆಯ ಯಾವ ತುದಿ ಚಲಿಸಿತು, ಮತ್ತು ಏಕೆ?

ಚಿತ್ರದಲ್ಲಿ ಏನಿರುತ್ತದೆ

ಅಡ್ಡ ಅಕ್ಷದಲ್ಲಿ ಅವಧಿ ಇರುತ್ತದೆ. ಎಡತುದಿಯಲ್ಲಿ 91, 182 ಮತ್ತು 364 ದಿನಗಳ ಟ್ರೆಜರಿ ಬಿಲ್‌ಗಳು, ಬಲಕ್ಕೆ ಸಾಗಿದಂತೆ ಎರಡು, ಐದು, ಹತ್ತು, ಮೂವತ್ತು, ನಲವತ್ತು ವರ್ಷದ ಬಾಂಡ್‌ಗಳು. 2023ರಿಂದ ಐವತ್ತು ವರ್ಷದ ಬಾಂಡ್ ಕೂಡ ಇದೆ. ಲಂಬ ಅಕ್ಷದಲ್ಲಿ ಯೀಲ್ಡ್. ಒಂದು ನಿರ್ದಿಷ್ಟ ದಿನ ಈ ಪ್ರತಿಯೊಂದು ಅವಧಿಗೂ ಮಾರುಕಟ್ಟೆ ಕೇಳುತ್ತಿರುವ ವಾರ್ಷಿಕ ಪ್ರತಿಫಲಕ್ಕೆ ಒಂದೊಂದು ಚುಕ್ಕಿ ಇಟ್ಟು, ಚುಕ್ಕಿಗಳನ್ನು ಸೇರಿಸಿದರೆ ರೇಖೆ ಸಿದ್ಧ. ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ ಮತ್ತು ಎಫ್‌ಬಿಐಎಲ್ ಸಂಸ್ಥೆಗಳು ವಹಿವಾಟಿನ ದಿನಗಳಲ್ಲಿ ಈ ಅಂಕಿಗಳನ್ನು ಪ್ರಕಟಿಸುತ್ತವೆ.

ಯೀಲ್ಡ್ ಎಂದರೆ ಬಾಂಡ್ ಮೇಲೆ ಬರೆದಿರುವ ಬಡ್ಡಿ ಅಲ್ಲ. ಬರೆದಿರುವ ಬಡ್ಡಿಗೆ ಕೂಪನ್ ಎನ್ನುತ್ತಾರೆ, ಅದು ಬಾಂಡ್ ತೀರುವವರೆಗೂ ಬದಲಾಗುವುದಿಲ್ಲ. ಬದಲಾಗುವುದು ಬಾಂಡ್‌ನ ಬೆಲೆ. ಶೇ 6.5 ಕೂಪನ್‌ನ ಹತ್ತು ವರ್ಷದ ಬಾಂಡ್ ಅನ್ನು ನೂರು ರೂಪಾಯಿಗೆ ಕೊಂಡವರಿಗೆ ಯೀಲ್ಡ್ ಶೇ 6.5. ಅದೇ ಬಾಂಡ್ ಮಾರುಕಟ್ಟೆಯಲ್ಲಿ ₹96.45ಕ್ಕೆ ಸಿಕ್ಕರೆ ಹೊಸದಾಗಿ ಕೊಳ್ಳುವವರ ಯೀಲ್ಡ್ ಶೇ 7 ಆಗುತ್ತದೆ. ಏಕೆಂದರೆ ಕಡಿಮೆ ಹಣ ಹಾಕಿದರೂ ಅವರಿಗೆ ಅದೇ ಕೂಪನ್ ಬರುತ್ತದೆ, ಕೊನೆಗೆ ನೂರು ರೂಪಾಯಿಯೂ ಕೈಸೇರುತ್ತದೆ. ಆದ್ದರಿಂದ ‘ಯೀಲ್ಡ್ ಏರಿತು’ ಎಂಬ ಸುದ್ದಿಯನ್ನು ‘ಹಳೆಯ ಬಾಂಡ್‌ನ ಬೆಲೆ ಬಿತ್ತು’ ಎಂದೇ ಓದಬೇಕು.

ರೇಖೆಯ ಎಲ್ಲ ಚುಕ್ಕಿಗಳಲ್ಲೂ ಸಾಲಗಾರ ಒಬ್ಬನೇ, ಕೇಂದ್ರ ಸರ್ಕಾರ. ಸಾಲ ಮುಳುಗುವ ಭಯ ಯಾವ ಚುಕ್ಕಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗಾಗಿ ಚುಕ್ಕಿಗಳ ನಡುವಿನ ವ್ಯತ್ಯಾಸಕ್ಕೆ ಕಾಲ ಬಿಟ್ಟು ಬೇರೆ ದೊಡ್ಡ ಕಾರಣ ಇರುವುದಿಲ್ಲ. ಇದೇ ಕಾರಣಕ್ಕೆ ಕರ್ನಾಟಕ ಸರ್ಕಾರದ ಸಾಲಪತ್ರವನ್ನಾಗಲಿ ಕಂಪನಿಯ ಬಾಂಡ್ ಅನ್ನಾಗಲಿ ಈ ರೇಖೆಯಲ್ಲಿ ಬೆರೆಸಬಾರದು. ರಾಜ್ಯಗಳು ಅದೇ ಅವಧಿಗೆ ಕೇಂದ್ರಕ್ಕಿಂತ ಸ್ವಲ್ಪ ಹೆಚ್ಚು ಬಡ್ಡಿ ಕೊಡುತ್ತವೆ, ಬೆರೆಸಿದರೆ ರೇಖೆಯಲ್ಲಿ ಇಲ್ಲದ ಉಬ್ಬು ಕಾಣಿಸುತ್ತದೆ.

ಕಣ್ಣಿಗೆ ಮೋಸವಾಗುವ ಜಾಗಗಳು ಎರಡಿವೆ. ಕೆಲವು ಚಿತ್ರಗಳಲ್ಲಿ 91 ದಿನ, ಒಂದು ವರ್ಷ, ಐದು ವರ್ಷ, ಹತ್ತು ವರ್ಷ, ಮೂವತ್ತು ವರ್ಷಗಳನ್ನು ಸಮಾನ ಅಂತರದಲ್ಲಿ ಇಟ್ಟಿರುತ್ತಾರೆ. ಒಂಬತ್ತು ತಿಂಗಳ ಅಂತರಕ್ಕೂ ಇಪ್ಪತ್ತು ವರ್ಷಗಳ ಅಂತರಕ್ಕೂ ಕಾಗದದ ಮೇಲೆ ಒಂದೇ ಅಗಲ ಸಿಗುವುದರಿಂದ ಬಲಬದಿ ಇರುವುದಕ್ಕಿಂತ ಕಡಿದಾಗಿ ಕಾಣುತ್ತದೆ. ಇನ್ನು ಲಂಬ ಅಕ್ಷ ಸೊನ್ನೆಯಿಂದ ಶುರುವಾಗದೆ ಶೇ 6.2ರಿಂದ ಶೇ 6.8ರವರೆಗೆ ಮಾತ್ರ ಇದ್ದರೆ ಅಲ್ಪಸ್ವಲ್ಪ ಏರಿಕೆಯೂ ಬೆಟ್ಟದಂತೆ ಕಾಣುತ್ತದೆ. ಹಾಗಾಗಿ ಗೆರೆಯ ಆಕಾರವನ್ನು ನಂಬದೆ ಅಂಕಿಗಳನ್ನು ಬರೆದುಕೊಳ್ಳುವುದು ಲೇಸು. 364 ದಿನ ಮತ್ತು ಹತ್ತು ವರ್ಷ, ಈ ಎರಡರ ಯೀಲ್ಡ್ ಬರೆದು ಕಳೆದರೆ ಇಳಿಜಾರಿನ ಅಳತೆ ಸಿಗುತ್ತದೆ. ಆರು ತಿಂಗಳ ಹಿಂದಿನ ಅಂಕಿಗಳನ್ನೂ ಪಕ್ಕದಲ್ಲಿ ಬರೆದುಕೊಂಡರೆ ಯಾವ ತುದಿ ಚಲಿಸಿದೆ ಎಂಬುದು ಆಗಲೇ ಗೊತ್ತಾಗುತ್ತದೆ.

ರೇಖೆಯೊಳಗೆ ಅಡಗಿರುವ ಮುಂದಿನ ವರ್ಷದ ಬಡ್ಡಿ

ರೇಖೆ ‘ನಿರೀಕ್ಷೆಯನ್ನು ಹೇಳುತ್ತದೆ’ ಎಂಬ ಮಾತಿನ ಹಿಂದೆ ಒಂದು ಲೆಕ್ಕವಿದೆ. ಕಾಗದ ಪೆನ್ಸಿಲ್ ಹಿಡಿದು ಯಾರು ಬೇಕಾದರೂ ಮಾಡಬಹುದು.

ಒಬ್ಬರ ಬಳಿ ಒಂದು ಲಕ್ಷ ರೂಪಾಯಿ ಇದೆ, ಎರಡು ವರ್ಷ ಅದರ ಅಗತ್ಯವಿಲ್ಲ ಎಂದುಕೊಳ್ಳೋಣ. ಒಂದು ವರ್ಷದ ಯೀಲ್ಡ್ ಶೇ 5.5, ಎರಡು ವರ್ಷದ್ದು ಶೇ 5.8. ಮೊದಲ ದಾರಿ, ಎರಡು ವರ್ಷಕ್ಕೆ ಒಂದೇ ಸಲ ಹಾಕುವುದು. ಬಡ್ಡಿಯ ಮೇಲೆ ಬಡ್ಡಿ ಸೇರಿ ಕೊನೆಗೆ ₹1,11,936 ಆಗುತ್ತದೆ. ಎರಡನೆಯ ದಾರಿ, ಒಂದು ವರ್ಷಕ್ಕೆ ಹಾಕಿ, ಬಂದ ₹1,05,500 ಅನ್ನು ಮುಂದಿನ ವರ್ಷ ಆಗ ಇರುವ ದರಕ್ಕೆ ಮತ್ತೆ ಹಾಕುವುದು. ಎರಡೂ ದಾರಿಗಳು ಒಂದೇ ಮೊತ್ತಕ್ಕೆ ತಲುಪಬೇಕಾದರೆ ಎರಡನೇ ವರ್ಷ ₹6,436 ಬಡ್ಡಿ ಬರಬೇಕು. ₹1,05,500ರ ಮೇಲೆ ಅದು ಶೇ 6.1.

ಅಂದರೆ ಇಂದಿನ ರೇಖೆಯೊಳಗೆ ‘ಒಂದು ವರ್ಷದ ನಂತರದ ಒಂದು ವರ್ಷದ ಬಡ್ಡಿ ಶೇ 6.1’ ಎಂಬ ಅಂಕಿ ಅಡಗಿದೆ. ಇದಕ್ಕೆ ಫಾರ್ವರ್ಡ್ ದರ ಎಂದು ಹೆಸರು. ಮುಂದಿನ ವರ್ಷ ದರ ಶೇ 6.1ಕ್ಕಿಂತ ಹೆಚ್ಚಾಗುತ್ತದೆ ಎಂದು ಬಹಳ ಜನ ಹೂಡಿಕೆದಾರರು ನಂಬಿದರೆ ಅವರು ಎರಡು ವರ್ಷದ ಬಾಂಡ್ ಮಾರಿ ಒಂದು ವರ್ಷದ್ದನ್ನು ಕೊಳ್ಳುತ್ತಾರೆ. ಮಾರಾಟದಿಂದ ಎರಡು ವರ್ಷದ ಬಾಂಡ್‌ನ ಬೆಲೆ ಬೀಳುತ್ತದೆ, ಯೀಲ್ಡ್ ಏರುತ್ತದೆ. ಹೀಗೆ ಜನರ ಊಹೆ ಬಾಂಡ್ ಬೆಲೆಯ ಮೂಲಕ ರೇಖೆಯೊಳಗೆ ಇಳಿಯುತ್ತದೆ.

ಅಲ್ಪಾವಧಿಯ ಯೀಲ್ಡ್ ದೀರ್ಘಾವಧಿಯದ್ದಕ್ಕಿಂತ ಮೇಲಿರುವ ಉಲ್ಟಾ ರೇಖೆಗೂ ಇದೇ ಲೆಕ್ಕ. ಒಂದು ವರ್ಷದ್ದು ಶೇ 7, ಎರಡು ವರ್ಷದ್ದು ಶೇ 6.7 ಎಂದಿಟ್ಟುಕೊಂಡರೆ ಎರಡನೇ ವರ್ಷದ ಫಾರ್ವರ್ಡ್ ದರ ಶೇ 6.4 ಬರುತ್ತದೆ. ಇಂದು ಶೇ 7 ಸಿಗುತ್ತಿರುವಾಗ ಶೇ 6.7ಕ್ಕೆ ಎರಡು ವರ್ಷ ಹಣ ಕಟ್ಟಿಹಾಕಲು ಯಾರಾದರೂ ಒಪ್ಪುತ್ತಿದ್ದಾರೆ ಎಂದರೆ, ಮುಂದಿನ ವರ್ಷ ದರ ಇಳಿಯುತ್ತದೆ, ಇಂದಿನ ದರವನ್ನು ಆದಷ್ಟು ದೀರ್ಘವಾಗಿ ಹಿಡಿದುಕೊಳ್ಳಬೇಕು ಎಂದು ಅವರು ಎಣಿಸಿದ್ದಾರೆ. ಉಲ್ಟಾ ರೇಖೆಯ ತಿರುಳು ಇಷ್ಟೇ.

ಏರು ರೇಖೆಯಲ್ಲಿ ಊಹೆಯ ಜೊತೆಗೆ ಇನ್ನೊಂದು ಪಾಲು

ಮೇಲಿನ ಶೇ 6.1 ಅನ್ನು ‘ಮುಂದಿನ ವರ್ಷ ದರ ಶೇ 6.1 ಆಗುತ್ತದೆ’ ಎಂದು ಓದುವುದು ಬಹಳ ಸಾಮಾನ್ಯವಾದ ತಪ್ಪು. ಅದರಲ್ಲಿ ಊಹೆಯ ಜೊತೆಗೆ ಕಾಯುವಿಕೆಯ ಕೂಲಿಯೂ ಸೇರಿದೆ. ಅರ್ಥಶಾಸ್ತ್ರಜ್ಞರು ಅದನ್ನು ಟರ್ಮ್ ಪ್ರೀಮಿಯಂ ಎನ್ನುತ್ತಾರೆ.

ದೀರ್ಘಾವಧಿ ಬಾಂಡ್ ಹಿಡಿದವರ ಅಪಾಯ ಎಷ್ಟು ದೊಡ್ಡದು ಎಂದು ನೋಡಿದರೆ ಈ ಕೂಲಿ ಏಕೆ ಬೇಕು ಎಂಬುದು ಅರ್ಥವಾಗುತ್ತದೆ. ಶೇ 6.5 ಕೂಪನ್‌ನ ಮೂರು ಬಾಂಡ್‌ಗಳಲ್ಲಿ ತಲಾ ಒಂದು ಲಕ್ಷ ಹಾಕಿದ್ದೀರಿ, ಎಲ್ಲ ಅವಧಿಗಳಲ್ಲೂ ಯೀಲ್ಡ್ ಶೇ 6.5ರಿಂದ ಶೇ 7ಕ್ಕೆ ಏರಿತು ಎಂದುಕೊಳ್ಳಿ. ಎರಡು ವರ್ಷದ ಬಾಂಡ್‌ನ ಮಾರುಕಟ್ಟೆ ಬೆಲೆ ಸುಮಾರು ₹920 ಕಡಿಮೆಯಾಗುತ್ತದೆ. ಹತ್ತು ವರ್ಷದ್ದು ಸುಮಾರು ₹3,550, ಮೂವತ್ತು ವರ್ಷದ್ದು ಸುಮಾರು ₹6,240. ಬಡ್ಡಿ ಏರಿದ್ದು ಒಂದೇ ಪ್ರಮಾಣದಲ್ಲಿ, ಪೆಟ್ಟು ಮಾತ್ರ ಅವಧಿಯ ಜೊತೆಗೆ ಬೆಳೆಯುತ್ತದೆ. ಈ ಅಪಾಯಕ್ಕೆ ಹೂಡಿಕೆದಾರರು ಹೆಚ್ಚುವರಿ ಪ್ರತಿಫಲ ಕೇಳುತ್ತಾರೆ. ಹಾಗಾಗಿ ಯಾರೂ ಬಡ್ಡಿ ಏರಿಕೆಯನ್ನು ನಿರೀಕ್ಷಿಸದಿದ್ದರೂ ರೇಖೆ ಸಾಮಾನ್ಯವಾಗಿ ಸ್ವಲ್ಪ ಮೇಲ್ಮುಖವಾಗಿಯೇ ಇರುತ್ತದೆ.

ಈ ಕೂಲಿ ಸ್ಥಿರವೂ ಅಲ್ಲ. ಸರ್ಕಾರ ದೀರ್ಘಾವಧಿ ಬಾಂಡ್‌ಗಳನ್ನು ಹೆಚ್ಚು ಮಾರಾಟಕ್ಕಿಟ್ಟರೆ, ಅಥವಾ ಅವನ್ನು ಕೊಳ್ಳುವ ವಿಮಾ ಕಂಪನಿಗಳು ಮತ್ತು ಪಿಂಚಣಿ ನಿಧಿಗಳು ಹಿಂದೆ ಸರಿದರೆ ಕೂಲಿ ಏರುತ್ತದೆ. ಕೇಂದ್ರ ಬ್ಯಾಂಕೇ ಮಾರುಕಟ್ಟೆಗೆ ಬಂದು ಬಾಂಡ್ ಕೊಂಡರೆ ಇಳಿಯುತ್ತದೆ. ಕಷ್ಟ ಏನೆಂದರೆ, ಯೀಲ್ಡ್‌ನಲ್ಲಿ ಊಹೆಯ ಪಾಲೆಷ್ಟು, ಕೂಲಿಯ ಪಾಲೆಷ್ಟು ಎಂದು ಚಿತ್ರದ ಮೇಲೆ ಎಲ್ಲೂ ಬರೆದಿರುವುದಿಲ್ಲ. ರೇಖೆಯ ಬಗ್ಗೆ ತಜ್ಞರು ಜಗಳವಾಡುವುದೆಲ್ಲ ಬಹುಮಟ್ಟಿಗೆ ಈ ಪಾಲಿನ ಬಗ್ಗೆಯೇ.

2025: ಎಡತುದಿ ಇಳಿಯಿತು, ಬಲತುದಿ ನಿಂತಿತು

ಈಗ ಮೊದಲ ಪ್ರಶ್ನೆಗೆ ಬರಬಹುದು. 2025ರ ಜನವರಿಯಲ್ಲಿ 364 ದಿನಗಳ ಟ್ರೆಜರಿ ಬಿಲ್‌ನ ಯೀಲ್ಡ್ ಸುಮಾರು ಶೇ 6.6, ಹತ್ತು ವರ್ಷದ್ದು ಸುಮಾರು ಶೇ 6.8. ಅಂತರ ಶೇ 0.2ರಷ್ಟು, ರೇಖೆ ಬಹುತೇಕ ಚಪ್ಪಟೆ. ಡಿಸೆಂಬರ್ ಹೊತ್ತಿಗೆ 364 ದಿನಗಳದ್ದು ಸುಮಾರು ಶೇ 5.5ಕ್ಕೆ ಇಳಿದಿತ್ತು, ಹತ್ತು ವರ್ಷದ್ದು ಸುಮಾರು ಶೇ 6.6ರಲ್ಲಿತ್ತು. ಅಂತರ ಶೇ 1.1ಕ್ಕೆ ಹಿಗ್ಗಿತು.

ರೇಖೆ ಕಡಿದಾಯಿತು ಎಂಬುದನ್ನು ಮಾತ್ರ ನೋಡಿದವರು ಬಡ್ಡಿ ಏರುವ ಕಾಲ ಬಂತು ಎಂದುಕೊಳ್ಳಬಹುದು. ಯಾವ ತುದಿ ಚಲಿಸಿತು ಎಂದು ನೋಡಿದವರಿಗೆ ಬೇರೆಯೇ ಕಾಣುತ್ತದೆ. ಬಲತುದಿ ಏರಿಲ್ಲ, ಎಡತುದಿ ಕುಸಿದಿದೆ. ಎಡತುದಿ ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುತ್ತದೆ. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ದಿನದ ಲೆಕ್ಕದಲ್ಲಿ ಹಣ ತರುವ ದರವೇ ರೆಪೊ ಆಗಿರುವಾಗ, ಮೂರು ತಿಂಗಳ ಬಿಲ್ ಅದರಿಂದ ಬಹಳ ದೂರ ಹೋಗಲಾರದು. ಹತ್ತು ವರ್ಷದ ಬಾಂಡ್ ಹಾಗಲ್ಲ. ಅದು ಇಂದಿನ ರೆಪೊ ಜೊತೆಗೆ ಮುಂದಿನ ಹತ್ತು ವರ್ಷಗಳ ರೆಪೊ ಸರಾಸರಿ ಎಷ್ಟಿರಬಹುದು ಎಂದೂ ಕೇಳುತ್ತದೆ.

ಆ ಸರಾಸರಿಯನ್ನೂ ಲೆಕ್ಕ ಹಾಕಬಹುದು. ಒಂದು ವರ್ಷಕ್ಕೆ ಶೇ 5.5, ಹತ್ತು ವರ್ಷಕ್ಕೆ ಶೇ 6.6 ಎಂದರೆ, ಉಳಿದ ಒಂಬತ್ತು ವರ್ಷಗಳಲ್ಲಿ ಸರಾಸರಿ ಶೇ 6.7ರಷ್ಟು ಸಿಕ್ಕರೆ ಮಾತ್ರ ವರ್ಷ ವರ್ಷವೂ ಹಣವನ್ನು ಹೊರಳಿಸುತ್ತ ಹೋದವರು ಹತ್ತು ವರ್ಷ ಕಟ್ಟಿಹಾಕಿದವರಿಗೆ ಸಮನಾಗುತ್ತಾರೆ. ಕೂಪನ್ ಮಧ್ಯೆ ಮಧ್ಯೆ ಬರುವುದರಿಂದ ಇದು ಅಂದಾಜಿನ ಲೆಕ್ಕ, ಆದರೆ ದಿಕ್ಕು ತೋರಿಸಲು ಸಾಕು. ಶೇ 5.25ರ ರೆಪೊ ಶಾಶ್ವತ ಎಂದು ಮಾರುಕಟ್ಟೆ ನಂಬಿಲ್ಲ, ಇಲ್ಲವೇ ಕಾಯುವಿಕೆಗೆ ಹೆಚ್ಚು ಕೂಲಿ ಕೇಳುತ್ತಿದೆ ಎಂಬುದು ಇದರಿಂದ ಸ್ಪಷ್ಟ. ಹೀಗೇಕೆ ಎಂಬಲ್ಲಿ ಭಿನ್ನಾಭಿಪ್ರಾಯ ಶುರುವಾಗುತ್ತದೆ.

ಮೂರು ವಾದಗಳು

ಮೊದಲನೆಯದು, ದರ ಇಳಿಕೆಯ ಸುತ್ತು ಮುಗಿಯುತ್ತ ಬಂದಿದೆ ಎಂಬ ವಾದ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದೇ ಏಟಿಗೆ ರೆಪೊವನ್ನು ಶೇ 0.5ರಷ್ಟು ಇಳಿಸಿತು, ಬ್ಯಾಂಕುಗಳ ನಗದು ಮೀಸಲು ಅನುಪಾತವನ್ನೂ ಶೇ 4ರಿಂದ ಹಂತಹಂತವಾಗಿ ಶೇ 3ಕ್ಕೆ ತರುವುದಾಗಿ ಪ್ರಕಟಿಸಿತು. ಆದರೆ ಅದೇ ದಿನ ತನ್ನ ನಿಲುವನ್ನು ‘ಹೊಂದಾಣಿಕೆ’ಯಿಂದ ‘ತಟಸ್ಥ’ಕ್ಕೆ ಬದಲಿಸಿತು, ಅಂದರೆ ಮುಂದೆಯೂ ಇಳಿಸುವ ಒಲವನ್ನು ಕೈಬಿಟ್ಟಿತು. ಇಳಿಕೆಗಿಂತ ಈ ಬದಲಾವಣೆಯೇ ಬಾಂಡ್ ವ್ಯಾಪಾರಿಗಳ ಕಿವಿಗೆ ಬಿದ್ದದ್ದು. ಆ ಪ್ರಕಟಣೆಯ ನಂತರ ಹತ್ತು ವರ್ಷದ ಯೀಲ್ಡ್ ಕೆಳಗಿಳಿಯುವ ಬದಲು ನಿಧಾನವಾಗಿ ಏರತೊಡಗಿ ಆಗಸ್ಟ್ ಕೊನೆಗೆ ಶೇ 6.6ರ ಹತ್ತಿರ ಹೋಯಿತು.

ಎರಡನೆಯದು ಪೂರೈಕೆಯ ವಾದ. ಆಗಸ್ಟ್ 15ರಂದು ಜಿಎಸ್‌ಟಿ ದರಗಳ ಕಡಿತದ ಸೂಚನೆ ಹೊರಬಿದ್ದಾಗ, ಸರ್ಕಾರದ ಆದಾಯ ತಗ್ಗಿದರೆ ಸಾಲ ಹೆಚ್ಚಬೇಕಾದೀತು ಎಂಬ ಅನುಮಾನ ಹುಟ್ಟಿತು. ಕೇಂದ್ರದ ಜೊತೆಗೆ ರಾಜ್ಯಗಳೂ ದೀರ್ಘಾವಧಿಗೆ ಸಾಲ ಎತ್ತುತ್ತವೆ, ಎರಡಕ್ಕೂ ಕೊಳ್ಳುವವರು ಬಹುಪಾಲು ಅದೇ ಬ್ಯಾಂಕುಗಳು, ಅದೇ ವಿಮಾ ಕಂಪನಿಗಳು, ಅದೇ ಪಿಂಚಣಿ ನಿಧಿಗಳು. ಸರಕು ಹೆಚ್ಚಿ ಗಿರಾಕಿ ಹೆಚ್ಚದಿದ್ದರೆ ಟೊಮೆಟೊಗೆ ಕೋಲಾರದ ಮಂಡಿಯಲ್ಲಿ ಆಗುವುದೇ ಇಲ್ಲೂ ಆಗುತ್ತದೆ: ಬೆಲೆ ಬೀಳುತ್ತದೆ. ಬಾಂಡ್ ಬೆಲೆ ಬಿದ್ದರೆ ಯೀಲ್ಡ್ ಏರುತ್ತದೆ.

ಮೂರನೆಯದು, ಬೆಳವಣಿಗೆ ಮತ್ತು ಹಣದುಬ್ಬರ ಎರಡೂ ಮರಳಿ ಏರುತ್ತವೆ ಎಂಬ ವಾದ. 2025ರ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಕುಸಿದಿತ್ತು, ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ಜಿಡಿಪಿ ಬೆಳವಣಿಗೆ ಶೇ 8.2 ಎಂದು ಪ್ರಕಟವಾಗಿತ್ತು. ಇಷ್ಟು ಕೆಳಗಿನ ಹಣದುಬ್ಬರ ಉಳಿಯಲಾರದು, ಇಷ್ಟು ಬೆಳವಣಿಗೆ ಇರುವಾಗ ದರ ಇನ್ನೂ ಇಳಿಸುವ ಅಗತ್ಯವೂ ಬೀಳದು ಎಂಬುದು ಈ ವಾದದವರ ಲೆಕ್ಕ.

ಈ ಮೂರರಲ್ಲಿ ಮೊದಲೆರಡಕ್ಕೆ ಹೆಚ್ಚು ತೂಕವಿದೆ ಎಂದು ನನಗೆ ಅನಿಸುತ್ತದೆ. ಡಿಸೆಂಬರ್ 5ರ ಘಟನೆಯೇ ಅದಕ್ಕೆ ಆಧಾರ. ಅಂದು ದರ ಇಳಿಕೆಯ ಜೊತೆಗೆ ₹1 ಲಕ್ಷ ಕೋಟಿ ಮೌಲ್ಯದ ಸರ್ಕಾರಿ ಬಾಂಡ್‌ಗಳನ್ನು ತಾನೇ ಕೊಳ್ಳುವುದಾಗಿ ರಿಸರ್ವ್ ಬ್ಯಾಂಕ್ ಹೇಳಿತು. ಆದರೂ ಯೀಲ್ಡ್ ಇಳಿದು ನಿಲ್ಲಲಿಲ್ಲ, ಮುಂದಿನ ದಿನಗಳಲ್ಲಿ ಏರಿತು. ‘ಇದೇ ಕೊನೆಯ ಇಳಿಕೆ ಇರಬಹುದು’ ಎಂದು ಎಣಿಸಿದವರು ಲಾಭ ಎತ್ತಿಕೊಂಡು ಮಾರಿದರೆ ಹೀಗಾಗುತ್ತದೆ. ಹಣದುಬ್ಬರದ ಭಯವೇ ಮುಖ್ಯ ಕಾರಣವಾಗಿದ್ದರೆ ಒಂದು ವರ್ಷದ ಬಿಲ್‌ನಲ್ಲೂ ಸ್ವಲ್ಪವಾದರೂ ಏರಿಕೆ ಕಾಣಬೇಕಿತ್ತು, ಕಾಣಲಿಲ್ಲ.

ಉಲ್ಟಾ ರೇಖೆ: ಒಂದೇ ಆಕಾರ, ಎರಡು ಅರ್ಥ

ಉಲ್ಟಾ ರೇಖೆ ಎಂದರೆ ಆರ್ಥಿಕ ಹಿಂಜರಿತದ ಮುನ್ಸೂಚನೆ ಎಂಬ ಮಾತು ಅಮೆರಿಕದಿಂದ ಬಂದದ್ದು. ಕ್ಯಾಂಪ್‌ಬೆಲ್ ಹಾರ್ವೆ 1986ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಇಳಿಜಾರಿಗೂ ಮುಂದಿನ ಬೆಳವಣಿಗೆಗೂ ಇರುವ ನಂಟನ್ನು ತೋರಿಸಿದರು. ಅಮೆರಿಕದ ರೇಖೆ 2000ದಲ್ಲಿ ಉಲ್ಟಾ ಆಯಿತು, 2001ರಲ್ಲಿ ಹಿಂಜರಿತ ಬಂತು. 2006–07ರಲ್ಲಿ ಉಲ್ಟಾ ಆಯಿತು, 2007ರ ಕೊನೆಗೆ ದೊಡ್ಡ ಹಿಂಜರಿತ ಶುರುವಾಯಿತು. 2019ರಲ್ಲೂ ಉಲ್ಟಾ ಆಯಿತು, 2020ರಲ್ಲಿ ಹಿಂಜರಿತ ಬಂತು. ಆದರೆ ಆ ಕೊನೆಯದಕ್ಕೆ ಕಾರಣ ಕೋವಿಡ್, ಬಾಂಡ್ ಮಾರುಕಟ್ಟೆಗೆ ವೈರಸ್ ಬರುವ ವಿಷಯ ಗೊತ್ತಿರಲು ಸಾಧ್ಯವಿರಲಿಲ್ಲ.

ಅಲ್ಲಿಯ ಕಾರಣ ಸರಪಳಿ ಹೀಗಿದೆ. ಹಣದುಬ್ಬರ ತಗ್ಗಿಸಲು ಕೇಂದ್ರ ಬ್ಯಾಂಕ್ ಅಲ್ಪಾವಧಿ ದರ ಏರಿಸುತ್ತದೆ, ಎಡತುದಿ ಮೇಲೇಳುತ್ತದೆ. ಇಷ್ಟು ದುಬಾರಿ ಬಡ್ಡಿಯಿಂದ ವ್ಯಾಪಾರ ಕುಗ್ಗುತ್ತದೆ, ಆಮೇಲೆ ದರ ಇಳಿಸಲೇಬೇಕಾಗುತ್ತದೆ ಎಂದು ಹೂಡಿಕೆದಾರರು ಎಣಿಸಿ ದೀರ್ಘಾವಧಿ ಬಾಂಡ್ ಕೊಳ್ಳುತ್ತಾರೆ, ಬಲತುದಿ ಕೆಳಗಿಳಿಯುತ್ತದೆ. ಅಲ್ಪಾವಧಿಗೆ ಹಣ ತಂದು ದೀರ್ಘಾವಧಿಗೆ ಸಾಲ ಕೊಡುವ ಬ್ಯಾಂಕುಗಳಿಗೆ ಆಗ ಲಾಭದ ಅಂತರ ಉಳಿಯುವುದಿಲ್ಲ, ಸಾಲ ಕೊಡುವುದು ಬಿಗಿಯಾಗುತ್ತದೆ. ಊಹೆಯೇ ಹೀಗೆ ಸ್ವಲ್ಪ ಮಟ್ಟಿಗೆ ಫಲವನ್ನೂ ತರುತ್ತದೆ.

ಆದರೆ ಅಮೆರಿಕದಲ್ಲೇ 2022ರ ಜುಲೈನಿಂದ 2024ರ ಸೆಪ್ಟೆಂಬರ್ ಆರಂಭದವರೆಗೆ ಎರಡು ವರ್ಷದ ಯೀಲ್ಡ್ ಹತ್ತು ವರ್ಷದ್ದಕ್ಕಿಂತ ಮೇಲಿತ್ತು, ಒಂದು ಹಂತದಲ್ಲಿ ಅಂತರ ಶೇ 1 ದಾಟಿತ್ತು. ಇಷ್ಟು ದೀರ್ಘ ಉಲ್ಟಾ ಸ್ಥಿತಿಯಲ್ಲೂ ಹಿಂಜರಿತ ಬರಲಿಲ್ಲ. ಮಾರುಕಟ್ಟೆ ದರ ಇಳಿಕೆಯನ್ನು ಎಣಿಸಿದ್ದು ಸರಿಯೇ ಇತ್ತು, 2024ರ ಸೆಪ್ಟೆಂಬರ್‌ನಲ್ಲಿ ಇಳಿಕೆ ಶುರುವಾಯಿತು. ಆದರೆ ಅದಕ್ಕೆ ಕಾರಣ ಆರ್ಥಿಕ ಕುಸಿತವಾಗಿರಲಿಲ್ಲ, ಹಣದುಬ್ಬರ ತಗ್ಗಿದ್ದು. ರೇಖೆ ದರದ ದಾರಿಯನ್ನು ಹೇಳುತ್ತದೆ, ಆ ದಾರಿಗೆ ಕಾರಣವನ್ನು ಹೇಳುವುದಿಲ್ಲ.

ನಮ್ಮ ದೇಶದ ಉದಾಹರಣೆ ಇನ್ನೂ ಸ್ಪಷ್ಟ. 2013ರ ಬೇಸಿಗೆಯಲ್ಲಿ ಅಮೆರಿಕ ತನ್ನ ಬಾಂಡ್ ಖರೀದಿ ತಗ್ಗಿಸುವ ಸೂಚನೆ ಕೊಟ್ಟಾಗ ವಿದೇಶಿ ಹಣ ಹೊರಹೋಗತೊಡಗಿತು, ರೂಪಾಯಿ ಕುಸಿಯತೊಡಗಿತು. ಜುಲೈ 15ರಂದು ರಿಸರ್ವ್ ಬ್ಯಾಂಕ್ ರೆಪೊವನ್ನು ಶೇ 7.25ರಲ್ಲೇ ಇಟ್ಟು, ತುರ್ತು ಸಾಲದ ಎಂಎಸ್‌ಎಫ್ ದರವನ್ನು ಮಾತ್ರ ಶೇ 10.25ಕ್ಕೆ ಏರಿಸಿತು. ರೆಪೊದಲ್ಲಿ ಬ್ಯಾಂಕುಗಳಿಗೆ ಸಿಗುವ ಹಣಕ್ಕೂ ಮಿತಿ ಹಾಕಿತು. ಅಗ್ಗದ ರೂಪಾಯಿ ಎತ್ತಿ ಡಾಲರ್ ಕೊಳ್ಳುವವರನ್ನು ತಡೆಯುವುದೇ ಇದರ ಉದ್ದೇಶ. ಪರಿಣಾಮವಾಗಿ 91 ದಿನಗಳ ಬಿಲ್‌ನ ಯೀಲ್ಡ್ ಶೇ 11 ದಾಟಿತು, ಹತ್ತು ವರ್ಷದ್ದು ಶೇ 9ರ ಆಸುಪಾಸಿನಲ್ಲಿತ್ತು. ರೇಖೆ ಪೂರ್ತಿ ಉಲ್ಟಾ. ಅದು ಹೇಳುತ್ತಿದ್ದದ್ದು ಹಿಂಜರಿತದ ವಿಷಯವಲ್ಲ. ಈ ಬಿಗಿತ ತಾತ್ಕಾಲಿಕ, ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ ಎಂದು. ಸೆಪ್ಟೆಂಬರ್‌ನಿಂದ ಎಂಎಸ್‌ಎಫ್ ದರ ಹಂತಹಂತವಾಗಿ ಇಳಿದು ಅಕ್ಟೋಬರ್ ಕೊನೆಗೆ ಶೇ 8.75ಕ್ಕೆ ಬಂದಾಗ ರೇಖೆಯೂ ಸರಿಯಾಯಿತು.

ಎರಡರಲ್ಲೂ ಎಡತುದಿಯೇ ಎದ್ದಿತ್ತು. ವ್ಯತ್ಯಾಸ ಗುರುತಿಸುವುದು ಹೇಗೆಂದರೆ, ಬಲತುದಿಯನ್ನು ನೋಡಬೇಕು. ಬೆಳವಣಿಗೆ ಕುಗ್ಗುವ ಭಯವಿದ್ದಾಗ ಹಣ ದೀರ್ಘಾವಧಿ ಬಾಂಡ್‌ಗೆ ಓಡುತ್ತದೆ, ಬಲತುದಿ ಇಳಿಯುತ್ತದೆ. 2013ರಲ್ಲಿ ಬಲತುದಿಯೂ ಏರಿತ್ತು, ಎಡತುದಿ ಅದಕ್ಕಿಂತ ಜೋರಾಗಿ ಏರಿತ್ತು ಅಷ್ಟೇ.

ಠೇವಣಿ ದರದ ಪಟ್ಟಿ ಯೀಲ್ಡ್ ರೇಖೆಯಲ್ಲ

ಸರ್ಕಾರಿ ಬಾಂಡ್ ರೇಖೆ ಏರುಮುಖವಾಗಿರುವಾಗಲೂ ಹಲವು ಬ್ಯಾಂಕುಗಳ ಪಟ್ಟಿಯಲ್ಲಿ 444 ದಿನದಂಥ ವಿಶೇಷ ಅವಧಿಗೆ ಅತಿ ಹೆಚ್ಚು ದರ, ಐದು ವರ್ಷ ಮೇಲ್ಪಟ್ಟ ಠೇವಣಿಗೆ ಅದಕ್ಕಿಂತ ಕಡಿಮೆ ದರ ಇರುತ್ತದೆ. ಇದನ್ನು ನೋಡಿ ಬ್ಯಾಂಕುಗಳು ಬಡ್ಡಿ ಕುಸಿತವನ್ನು ಮುಂಗಾಣುತ್ತಿವೆ ಎಂದು ತೀರ್ಮಾನಿಸಬಾರದು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ ದರದ ಗೃಹಸಾಲಗಳು ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರೆಪೊಗೆ, ಅಂಟಿಕೊಂಡಿವೆ. ಸಾಲದ ಮೇಲಿನ ಆದಾಯ ರೆಪೊ ಜೊತೆಗೆ ಇಳಿಯುವಾಗ ಐದು ವರ್ಷಕ್ಕೆ ಹೆಚ್ಚಿನ ಬಡ್ಡಿಯ ಭರವಸೆ ಕೊಟ್ಟು ಸಿಕ್ಕಿಹಾಕಿಕೊಳ್ಳಲು ಬ್ಯಾಂಕ್ ಬಯಸುವುದಿಲ್ಲ. ಪಟ್ಟಿಯ ಉಬ್ಬು ಬ್ಯಾಂಕಿಗೆ ಎಷ್ಟು ಕಾಲಕ್ಕೆ ಹಣ ಬೇಕು ಎಂಬುದನ್ನಷ್ಟೇ ತೋರಿಸುತ್ತದೆ.

ಸಾಲಗಾರರಿಗೆ ಇದರ ಪರಿಣಾಮ ನೇರ. ರೆಪೊ ಜೋಡಣೆಯ ಮನೆ ಸಾಲ ಇರುವವರು ಎಡತುದಿಯ ಮೇಲೆ ಕುಳಿತಿದ್ದಾರೆ, ಅವರಿಗೆ 2025ರ ಇಳಿಕೆ ಸಿಕ್ಕಿತು. ದೀರ್ಘಾವಧಿಗೆ ಸಾಲ ಎತ್ತುವ ರಾಜ್ಯ ಸರ್ಕಾರ, ಮೂಲಸೌಕರ್ಯ ಕಂಪನಿಗಳು ಬಲತುದಿಯ ಮೇಲಿವೆ, ಅವುಗಳಿಗೆ ಸಿಕ್ಕಿದ್ದು ಅತ್ಯಲ್ಪ.

ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿ ಗಮನಿಸಬೇಕಾದದ್ದು

ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಪಟ್ಟಣ ಸಹಕಾರಿ ಬ್ಯಾಂಕುಗಳೂ ತಮ್ಮ ಠೇವಣಿ ಹೊಣೆಯ ಶೇ 18ರಷ್ಟನ್ನು ಎಸ್‌ಎಲ್‌ಆರ್ ಎಂಬ ಕಡ್ಡಾಯ ಮೀಸಲಾಗಿ, ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ, ಇಡಬೇಕು. ನೂರು ಕೋಟಿ ಠೇವಣಿಯ ಬ್ಯಾಂಕ್ ಎಂದರೆ ಹದಿನೆಂಟು ಕೋಟಿ. ರೇಖೆ ಕಡಿದಾಗಿರುವಾಗ ಹೆಚ್ಚು ಬಡ್ಡಿಗೆ ಆಸೆಪಟ್ಟು ಅದನ್ನೆಲ್ಲ ಹತ್ತು ವರ್ಷದ ಬಾಂಡ್‌ನಲ್ಲಿ ಹಾಕಿದರೆ, ಯೀಲ್ಡ್ ಶೇ 0.5ರಷ್ಟು ಏರಿದ ದಿನ ಅದರ ಮಾರುಕಟ್ಟೆ ಮೌಲ್ಯ ಸುಮಾರು ₹64 ಲಕ್ಷ ಕುಗ್ಗುತ್ತದೆ. ಎರಡು ವರ್ಷದ ಬಾಂಡ್‌ನಲ್ಲಿದ್ದರೆ ಕುಗ್ಗುವುದು ಸುಮಾರು ₹16.5 ಲಕ್ಷ. ಅವಧಿ ತೀರುವವರೆಗೆ ಇಟ್ಟುಕೊಳ್ಳುವ ವರ್ಗದಲ್ಲಿ ತೋರಿಸಿದ ಬಾಂಡ್‌ಗೆ ಈ ನಷ್ಟ ಪುಸ್ತಕದಲ್ಲಿ ಕಾಣುವುದಿಲ್ಲ. ಆದರೆ ಠೇವಣಿದಾರರು ಒಮ್ಮೆಲೆ ಹಣ ಕೇಳಿದರೆ ಬಾಂಡ್ ಮಾರಲೇಬೇಕು, ಆಗ ನಷ್ಟ ಕೈಗೆ ಬರುತ್ತದೆ. 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಸುಮಾರು 2,100 ಕೋಟಿ ಡಾಲರ್ ಬಾಂಡ್ ಮಾರಿ 180 ಕೋಟಿ ಡಾಲರ್ ನಷ್ಟ ಪ್ರಕಟಿಸಿದ ಎರಡೇ ದಿನಕ್ಕೆ ಮುಚ್ಚಿತು. ಬಾಂಡ್‌ಗಳು ಸುರಕ್ಷಿತವಾಗಿದ್ದವು, ತಪ್ಪಿದ್ದು ಅವಧಿಯ ಹೊಂದಾಣಿಕೆ.

ನೇರವಾಗಿ ಬಾಂಡ್ ಕೊಳ್ಳುವವರಿಗೆ

2021ರ ನವೆಂಬರ್‌ನಲ್ಲಿ ಶುರುವಾದ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆ ಮೂಲಕ ಚಿಕ್ಕಬಳ್ಳಾಪುರದ ನಿವೃತ್ತ ನೌಕರರೂ ₹10,000ದಿಂದ ಸರ್ಕಾರಿ ಬಾಂಡ್ ಕೊಳ್ಳಬಹುದು. ಟ್ರೆಜರಿ ಬಿಲ್ ಹರಾಜು ಸಾಮಾನ್ಯವಾಗಿ ಬುಧವಾರ, ಕೇಂದ್ರದ ಬಾಂಡ್ ಹರಾಜು ಶುಕ್ರವಾರ, ರಾಜ್ಯಗಳದ್ದು ಮಂಗಳವಾರ. ಸಣ್ಣ ಹೂಡಿಕೆದಾರರು ದರ ನಮೂದಿಸಬೇಕಿಲ್ಲ, ದೊಡ್ಡವರ ಹರಾಜಿನಲ್ಲಿ ನಿಂತ ದರವೇ ಅವರಿಗೂ ಸಿಗುತ್ತದೆ.

ಇಲ್ಲಿ ಇಳಿಜಾರನ್ನು ನೋಡುವ ಕ್ರಮ ಹೀಗಿರಲಿ. ಹತ್ತು ವರ್ಷದ ಹೆಚ್ಚುವರಿ ಶೇ 1.1 ಬಡ್ಡಿ ಎರಡು ಬಗೆಯ ಜನರಿಗೆ ಎರಡು ಬಗೆಯಾಗಿ ಅರ್ಥವಾಗಬೇಕು. ಅವಧಿ ತೀರುವವರೆಗೂ ಹಣ ಬೇಡ, ಅರ್ಧ ವರ್ಷಕ್ಕೊಮ್ಮೆ ನಿಶ್ಚಿತ ಬಡ್ಡಿ ಬಂದರೆ ಸಾಕು ಎನ್ನುವವರಿಗೆ ನಡುವಿನ ಬೆಲೆಯ ಏರಿಳಿತ ತೊಂದರೆ ಕೊಡುವುದಿಲ್ಲ. ಮೂರು ವರ್ಷದಲ್ಲಿ ಮಗಳ ಮದುವೆಗೋ ಮನೆ ಕಟ್ಟುವುದಕ್ಕೋ ಹಣ ಬೇಕಿರುವವರಿಗೆ ಅದೇ ಶೇ 1.1 ಅಪಾಯದ ಬೆಲೆ. ಆಗ ಯೀಲ್ಡ್ ಶೇ 0.5ರಷ್ಟು ಮೇಲಿದ್ದರೂ ಸಾಕು, ಮೂರು ವರ್ಷದ ಹೆಚ್ಚುವರಿ ಬಡ್ಡಿಯ ದೊಡ್ಡ ಪಾಲು ಮಾರಾಟದ ಬೆಲೆಯಲ್ಲಿ ಹೋಗುತ್ತದೆ. ಸಣ್ಣ ಮೊತ್ತದ ಬಾಂಡ್‌ಗೆ ಮಾರುಕಟ್ಟೆಯಲ್ಲಿ ಕೊಳ್ಳುವವರು ಕಡಿಮೆ ಇರುವುದರಿಂದ ತೋರಿಸಿದ ಬೆಲೆಗಿಂತ ಕೆಳಗೇ ಮಾರಬೇಕಾಗಿ ಬರುವುದೂ ಉಂಟು.

ಮುಂದೆ ಯಾವ ತುದಿ ಚಲಿಸಿದರೆ ಏನರ್ಥ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡಿರಬಹುದು. 364 ದಿನಗಳ ಬಿಲ್ ರೆಪೊಗಿಂತ ಬಹಳ ಮೇಲಕ್ಕೆ ಸರಿಯತೊಡಗಿದರೆ ಬ್ಯಾಂಕುಗಳಲ್ಲಿ ಹಣದ ಬಿಗಿತ ಅಥವಾ ದರ ಏರಿಕೆಯ ಎಣಿಕೆ ಶುರುವಾಗಿದೆ ಎಂದರ್ಥ. ಬಿಲ್ ನಿಂತಲ್ಲೇ ನಿಂತು ಹತ್ತು ಮತ್ತು ಮೂವತ್ತು ವರ್ಷದವು ಮಾತ್ರ ಏರಿದರೆ ಮೊದಲು ನೋಡಬೇಕಾದದ್ದು ಸರ್ಕಾರದ ಅರ್ಧವಾರ್ಷಿಕ ಸಾಲದ ವೇಳಾಪಟ್ಟಿಯನ್ನು. ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅದು ಪ್ರಕಟವಾಗುತ್ತದೆ, ಯಾವ ಅವಧಿಯ ಬಾಂಡ್ ಎಷ್ಟು ಬರಲಿದೆ ಎಂಬುದು ಅದರಲ್ಲಿ ವಾರವಾರದ ಲೆಕ್ಕದಲ್ಲಿ ಇರುತ್ತದೆ.